ಅಪಾರ್ಟ್‌ಮೆಂಟಿಗೆ ಸಿಗ್ನಲ್ ಬೂಸ್ಟರ್ ಹಾಕಿಸುವ ಮುನ್ನ

"ಎಲ್ಲರೂ ದುಡ್ಡು ಹಾಕಿ ಕಟ್ಟಡಕ್ಕೊಂದು ಬೂಸ್ಟರ್ ತರಿಸೋಣ" ಅಂತ ನಿಮ್ಮ ಕಮಿಟಿಗೆ ನೋಟಿಸ್ ಬಂದಿದೆಯಾ? ಒಪ್ಪಿಗೆ ಕೊಡುವ ಮೊದಲು ಸ್ವಲ್ಪ ತಡೆಯಿರಿ. ಶಿವಮೊಗ್ಗದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆದ ವರ್ಷ ಅಂಥ ನೋಟಿಸ್ ಬರೆದವಳು ನಾನೇ.

ನಮ್ಮದು ನಾಲ್ಕು ಮಹಡಿ, 24 ಮನೆ. ಕೆಳಗಿನ ಎರಡು ಮಹಡಿಯಲ್ಲಿ ಫೋನ್ ಬಂದರೆ ಬಾಲ್ಕನಿಗೆ ಓಡಬೇಕಿತ್ತು. ಮಳೆಗಾಲದಲ್ಲಿ ಅಲ್ಲೂ ನಿಲ್ಲೋಕಾಗಲ್ಲ. ಮನೆಗೆ 1,500ರಂತೆ 36,000 ರೂಪಾಯಿ ಸೇರಿಸಿದೆವು. ಅಂಗಡಿಯವನು ತಾರಸಿಯ ಮೇಲೊಂದು ಆಂಟೆನಾ, ಮೆಟ್ಟಿಲ ತುದಿಯಲ್ಲಿ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ, ಪ್ರತಿ ಮಹಡಿಯ ಸೀಲಿಂಗಿಗೊಂದು ಚಿಕ್ಕ ಆಂಟೆನಾ ಹಾಕಿ ಹೋದ.

ಮೊದಲೆರಡು ದಿನ ಎಲ್ಲರ ಫೋನಿನಲ್ಲೂ ಕಡ್ಡಿ ಪೂರ್ತಿ. ಮೂರನೇ ದಿನದಿಂದ ಕಡ್ಡಿ ಪೂರ್ತಿ ಇದ್ದರೂ ಮಾತು ತುಂಡಾಗತೊಡಗಿತು. ಪಕ್ಕದ ಬೀದಿಯವರೂ ಕಾಲ್ ಕಟ್ ಆಗುತ್ತೆ ಅಂತ ದೂರುತ್ತಿದ್ದರು. ಒಂದು ಸಂಜೆ ಕರೆಂಟ್ ಹೋಯಿತು. ಆಗ ಪಕ್ಕದ ಬೀದಿಯಲ್ಲಿ ಎಲ್ಲರಿಗೂ ಸರಿಹೋಯಿತು. ಕರೆಂಟ್ ಬಂತು, ಮತ್ತೆ ಅದೇ ಗೋಳು. ನಮ್ಮ ಪೆಟ್ಟಿಗೆಯೇ ಕಾರಣ ಅಂತ ತಿಳಿದಿದ್ದು ಹಾಗೆ.

ಆಗಿದ್ದೇನು ಅಂದರೆ, ನಾಲ್ಕನೇ ಮಹಡಿಯ ಆಂಟೆನಾ ಬಿಡುವ ಸಿಗ್ನಲನ್ನು ತಾರಸಿಯ ಆಂಟೆನಾ ಮತ್ತೆ ಹಿಡಿಯುತ್ತಿತ್ತು. ಮಧ್ಯೆ ಇದ್ದಿದ್ದು ಒಂದು ತಗಡಿನ ಬಾಗಿಲು, ಅದೂ ಸದಾ ತೆರೆದೇ ಇರುತ್ತಿತ್ತು. ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ಕೀರಲು ಶಬ್ದ ಬರುತ್ತಲ್ವಾ, ಹಾಗೇ ಇದು. ಕಿವಿಗೆ ಕೇಳಿಸುವುದಿಲ್ಲ ಅಷ್ಟೇ. ಆ ಗದ್ದಲ ತಾರಸಿಯಿಂದ ಟವರಿಗೆ ಹೋಗುತ್ತದೆ. ದೂರದ ಫೋನುಗಳ ಸಣ್ಣ ದನಿ ಟವರಿಗೆ ಕೇಳಿಸದೇ ಹೋಗುತ್ತದೆ. ಆಂಬುಲೆನ್ಸಿಗೆ ಕರೆ ಮಾಡುವವರೂ ಅವರಲ್ಲಿ ಇರಬಹುದು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೆಲವು ವಾರದಲ್ಲಿ ಅಳತೆಯ ಉಪಕರಣ ಹಿಡಿದು ಅಧಿಕಾರಿಗಳು ಬಂದರು, ಪೆಟ್ಟಿಗೆ ಕಳಚಿಕೊಂಡು ಹೋದರು. ಭಾರತದಲ್ಲಿ ಇಂಥ ಬೂಸ್ಟರನ್ನು ನಾವಾಗಿಯೇ ಹಾಕಿಕೊಳ್ಳುವಂತಿಲ್ಲ. ಲೈಸೆನ್ಸ್ ಇರುವ ಮೊಬೈಲ್ ಕಂಪನಿಯವರೇ ಹಾಕಬೇಕು. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ನಮ್ಮ ದುಡ್ಡು ವಾಪಸ್ ಬರಲಿಲ್ಲ, ಅಂಗಡಿಯವನು ಫೋನ್ ಎತ್ತಲಿಲ್ಲ.

ಆಮೇಲೆ ಕಮಿಟಿಗೆ ಬೇರೆ ನೋಟಿಸ್ ಬರೆದೆ. ಯಾವ ಮನೆಯಲ್ಲಿ ಯಾವ ಕಂಪನಿಯ ಸಿಮ್, ತಾರಸಿಯಲ್ಲಿ ಎಷ್ಟು ಸಿಗ್ನಲ್, ಒಳಗೆ ಎಷ್ಟು ಅಂತ ಪಟ್ಟಿ ಮಾಡಿದೆವು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ SIM status ಅನ್ನುವಲ್ಲಿ ಅಂಕಿ ಸಿಗುತ್ತದೆ. ತಾರಸಿಯಲ್ಲಿ -85, ಕೆಳಮನೆಯಲ್ಲಿ -115 ಇತ್ತು. ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. ಆ ಪಟ್ಟಿ ಸೇರಿಸಿ, ಕಟ್ಟಡದೊಳಗೆ ನೀವೇ ವ್ಯವಸ್ಥೆ ಮಾಡಿಕೊಡಿ ಅಂತ ಕಂಪನಿಗಳಿಗೆ ಅರ್ಜಿ ಕೊಟ್ಟಿದ್ದೇವೆ.

ಅಲ್ಲಿಯವರೆಗೆ ಮನೆಯ ಫೈಬರ್ ವೈಫೈ ಮೂಲಕವೇ ಮಾತಾಡುತ್ತಿದ್ದೇವೆ. ಫೋನಿನಲ್ಲಿ Wi-Fi Calling ಆನ್ ಮಾಡಿದರೆ ಮಾಮೂಲಿ ನಂಬರಿನಿಂದಲೇ ಕಾಲ್ ಹೋಗುತ್ತದೆ. ಫೋನಿನಲ್ಲೂ ಕಂಪನಿಯಲ್ಲೂ ಆ ಸೌಲಭ್ಯ ಇರಬೇಕು, ಮೊದಲೇ ನೋಡಿಕೊಳ್ಳಿ. ನಮ್ಮ ಮಲೆನಾಡಿನ ಮಳೆಗೆ ಕರೆಂಟ್ ಹೋದರೆ ರೂಟರ್ ಕೂಡ ಆಫ್ ಆಗುತ್ತದೆ. ಅದಕ್ಕೆ ರೂಟರಿಗೊಂದು ಚಿಕ್ಕ ಯುಪಿಎಸ್ ಹಾಕಿಸಿದ್ದೇವೆ.