ಡೂಪ್ಲಿಕೇಟ್ ತೆಗೆಯೋಕೆ ಝೊಟೆರೊ, ಎಂಡ್‌ನೋಟ್, ರಯ್ಯಾನ್, ASySD: ಎಲ್ಲಾ ಬಳಸಿ ನೋಡಿದ ಮೇಲೆ

ಸಿಸ್ಟಮ್ಯಾಟಿಕ್ ರಿವ್ಯೂಗೆ ಹಲವು ಡೇಟಾಬೇಸ್ ಹುಡುಕಿದಾಗ ಒಂದೇ ಪೇಪರ್ ಎರಡ್ಮೂರು ಸಲ ಬರುತ್ತಲ್ಲ, ಆ ಡೂಪ್ಲಿಕೇಟ್ ತೆಗೆಯೋ ಕೆಲಸಕ್ಕೆ ನನ್ನ ಓಟು ASySDಗೆ, ಮೊದಲೇ ಹೇಳ್ಬಿಡ್ತೀನಿ. ದುಡ್ಡು ಕೊಡೋ ಹಾಗಿಲ್ಲ, ಬ್ರೌಸರಲ್ಲೇ ಓಡುತ್ತೆ, ಅನುಮಾನ ಇರೋ ಜೋಡಿಗಳನ್ನ ತಾನೇ ತೀರ್ಮಾನ ಮಾಡದೆ ನಮ್ಮ ಮುಂದೆ ಇಡುತ್ತೆ. ಉಳಿದವು ಕೆಟ್ಟವು ಅಂತಲ್ಲ, ಝೊಟೆರೊ ಈಗಲೂ ದಿನಾ ಬಳಸ್ತೀನಿ, ಆದ್ರೆ ಈ ಒಂದು ಕೆಲಸಕ್ಕಲ್ಲ.

ನಮ್ಮ ರಿವ್ಯೂ ಗರ್ಭಿಣಿಯರ ರಕ್ತಹೀನತೆಗೆ ಡ್ರಿಪ್ ಮೂಲಕ ಕೊಡೋ ಐರನ್ ಮತ್ತು ಐರನ್ ಮಾತ್ರೆ ಹೋಲಿಸೋದು. ಪಬ್‌ಮೆಡ್, ಎಂಬೇಸ್, ಸ್ಕೋಪಸ್, ಕಾಕ್ರೇನ್ ಸೆಂಟ್ರಲ್, ಈ ನಾಲ್ಕರಲ್ಲಿ ಹುಡುಕಿದ್ವಿ. ಇವುಗಳಲ್ಲಿ ಒಂದೇ ಪೇಪರ್ ಮತ್ತೆ ಮತ್ತೆ ಬರೋದು ಸಹಜ, ಯಾಕಂದ್ರೆ ಸೆಂಟ್ರಲ್ ತನ್ನ ಎಂಟ್ರಿಗಳಲ್ಲಿ ದೊಡ್ಡ ಪಾಲನ್ನ ಪಬ್‌ಮೆಡ್, ಎಂಬೇಸ್‌ನಿಂದಲೇ ತಗೊಳ್ಳುತ್ತೆ, ಜೊತೆಗೆ ಟ್ರಯಲ್ ರಿಜಿಸ್ಟ್ರಿಗಳಿಂದಲೂ.

ಒಂದೇ ಪೇಪರ್ ಆದ್ರೆ ಕಂಪ್ಯೂಟರ್‌ಗೆ ಗೊತ್ತಾಗ್ಬೇಕಲ್ವಾ ಅನ್ಸುತ್ತೆ. ಗೊತ್ತಾಗಲ್ಲ, ಯಾಕಂದ್ರೆ ಎಂಟ್ರಿಗಳು ಒಂದೇ ಥರ ಇರಲ್ಲ. ಪಬ್‌ಮೆಡ್ ಪುಟ ಸಂಖ್ಯೆನ 412-9 ಅಂತ ಮೊಟಕು ಮಾಡಿದ್ರೆ ಎಂಬೇಸ್ 412-419 ಅಂತ ಪೂರ್ತಿ ಬರೆಯುತ್ತೆ. ಒಂದು ಕಡೆ ಜರ್ನಲ್ ಹೆಸರು `Int J Gynaecol Obstet`, ಇನ್ನೊಂದು ಕಡೆ `International Journal of Gynecology and Obstetrics`, ಅದರಲ್ಲೂ ಆ `ae` ಮತ್ತು `e` ವ್ಯತ್ಯಾಸ ನೋಡಿ. ಮದುವೆಗೆ ಕರೆಯೋರ ಪಟ್ಟಿಯಲ್ಲಿ ಅಪ್ಪ ಕೆ. ಎಸ್. ಮಂಜುನಾಥ ಅಂತ ಬರೆದು, ಅಮ್ಮ ಅವರನ್ನೇ ಮಂಜಣ್ಣ ಅಂತ ಇನ್ನೊಂದ್ಸಲ ಸೇರಿಸಿದ ಹಾಗೆ. ಸರಿ, ಪೇಪರ್‌ನ ಗುರುತಿನ ಸಂಖ್ಯೆ ಡಿಒಐ ನೋಡಿದ್ರೆ ಆಯ್ತಲ್ಲ ಅಂತೀರಾ? ಎಷ್ಟೋ ಹಳೇ ಪೇಪರ್‌ಗಳಿಗೆ, ರಿಜಿಸ್ಟ್ರಿ ಎಂಟ್ರಿಗಳಿಗೆ ಅದು ಇರೋದೇ ಇಲ್ಲ. ಅದಕ್ಕಿಂತ ಅಪಾಯ ಅಂದ್ರೆ ಕಾನ್ಫರೆನ್ಸ್ ಸಪ್ಲಿಮೆಂಟ್. ಎಷ್ಟೋ ಸಲ ಇಡೀ ಸಪ್ಲಿಮೆಂಟ್‌ಗೆ ಒಂದೇ ಡಿಒಐ ಇರುತ್ತೆ, ಡಿಒಐ ಒಂದನ್ನೇ ನಂಬಿ ಅಳಿಸಿದ್ರೆ ಬೇರೆ ಬೇರೆ ಅಬ್‌ಸ್ಟ್ರ್ಯಾಕ್ಟ್‌ಗಳು ಒಂದೇ ಏಟಿಗೆ ಹೋಗ್ಬಿಡ್ತವೆ.

ಈಗ ಝೊಟೆರೊ. ಫ್ರೀ, ಎಲ್ಲಾ ಫಾರ್ಮ್ಯಾಟ್ ತಿನ್ನುತ್ತೆ, ಪಬ್‌ಮೆಡ್‌ನ `.nbib` ಆಗಲಿ ಎಂಬೇಸ್‌ನ `.ris` ಆಗಲಿ. `Duplicate Items` ಅಂತ ಒಂದು ಫೋಲ್ಡರ್ ತಾನೇ ತೋರಿಸುತ್ತೆ, ಒಂದು ಎಂಟ್ರಿ ಒತ್ತಿದ್ರೆ ಅದರ ಜೋಡಿನೂ ಸೆಲೆಕ್ಟ್ ಆಗುತ್ತೆ, ಬಲಗಡೆ ಮರ್ಜ್ ಬಟನ್. ಹತ್ತಿಪ್ಪತ್ತು ಜೋಡಿ ಇದ್ರೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ನೂರಾರು ಜೋಡಿ ಇದ್ದಾಗ ಒಂದೊಂದನ್ನೇ ಒತ್ತಿ, ಮರ್ಜ್ ಮಾಡಿ, ಮುಂದಿನದಕ್ಕೆ ಹೋಗಿ, ಮತ್ತೆ ಒತ್ತಿ, ಕೈ ಸೋಲುತ್ತೆ, ಅದಕ್ಕಿಂತ ಮುಂಚೆ ಕಣ್ಣು ಸೋತು ನೋಡದೇ ಒತ್ತೋಕೆ ಶುರು ಮಾಡ್ತೀವಿ.

ಅಷ್ಟಕ್ಕೇ ನಿಂತಿದ್ರೆ ಸಹಿಸ್ಕೋಬಹುದಿತ್ತು. ನಿಜವಾದ ತಲೆನೋವು ಐಟಂ ಟೈಪ್‌ದು. ಒಂದೇ ಅಬ್‌ಸ್ಟ್ರ್ಯಾಕ್ಟ್ ಒಂದು ಡೇಟಾಬೇಸ್‌ನಿಂದ ಜರ್ನಲ್ ಆರ್ಟಿಕಲ್ ಅಂತ ಬಂದಿರುತ್ತೆ, ಇನ್ನೊಂದರಿಂದ ಕಾನ್ಫರೆನ್ಸ್ ಪೇಪರ್ ಅಂತ. ಎರಡೂ ಒಂದೇ ಅಂತ ನಿಮಗೆ ಕಣ್ಣಿಗೆ ಕಾಣ್ತಿದೆ, ಝೊಟೆರೊಗೂ ಗೊತ್ತು, ಆದ್ರೂ ಮರ್ಜ್ ಮಾಡಲ್ಲ, ಟೈಪ್ ಒಂದೇ ಇರ್ಬೇಕು ಅಂತ ಮೆಸೇಜ್ ಕೊಟ್ಟು ಸುಮ್ನೆ ಕೂರುತ್ತೆ. ಆಗ ಆ ಎಂಟ್ರಿ ತೆಗೆದು, ಟೈಪ್ ಬದಲಿಸಿ, ವಾಪಸ್ ಬಂದು, ಮತ್ತೆ ಜೋಡಿ ಹುಡುಕಿ ಮರ್ಜ್ ಮಾಡ್ಬೇಕು. ಕೆಲವು ಟೈಪ್ ಬದಲಾಯಿಸಿದ್ರೆ ಹೊಸ ಟೈಪಲ್ಲಿ ಇಲ್ಲದ ಫೀಲ್ಡ್ ಹೋಗುತ್ತೆ ಅನ್ನೋ ಎಚ್ಚರಿಕೆ ಬೇರೆ ಬರುತ್ತೆ. ಎಂಬೇಸ್‌ನಲ್ಲಿ ಕಾನ್ಫರೆನ್ಸ್ ಅಬ್‌ಸ್ಟ್ರ್ಯಾಕ್ಟ್ ರಾಶಿ ರಾಶಿ ಇರೋದ್ರಿಂದ ಇದು ಅಪರೂಪದ ಸಮಸ್ಯೆನೂ ಅಲ್ಲ.

ಒಟ್ಟಿಗೆ ಮರ್ಜ್ ಮಾಡೋ ಪ್ಲಗಿನ್ ಇದೆ ಅಂತ ಯಾರಾದ್ರೂ ಹೇಳ್ತೀರಿ, ಇದೆ. ಆದ್ರೆ ಝೊಟೆರೊ ಜೋಡಿ ಹುಡುಕೋ ರೀತಿ ನೋಡಿ: ಶೀರ್ಷಿಕೆ ಒಂದೇ ಇರ್ಬೇಕು, ವರ್ಷ ಒಂದು ಹಿಂದೆಮುಂದೆ ಇದ್ರೂ ಪರವಾಗಿಲ್ಲ, ಲೇಖಕರಲ್ಲಿ ಒಬ್ಬರು ಹೊಂದಿದ್ರೆ ಸಾಕು. ಈ ವರ್ಷ ಕಾನ್ಫರೆನ್ಸಲ್ಲಿ ಹೇಳಿದ್ದನ್ನೇ ಮುಂದಿನ ವರ್ಷ ಅದೇ ಶೀರ್ಷಿಕೆಯಲ್ಲಿ ಪೂರ್ತಿ ಪೇಪರ್ ಮಾಡ್ತಾರಲ್ಲ, ಎರಡಕ್ಕೂ ಬೇರೆ ಬೇರೆ ಡಿಒಐ ಇಲ್ಲದಿದ್ರೆ ಅದೂ ಡೂಪ್ಲಿಕೇಟ್ ಪಟ್ಟಿಗೆ ಬಂದು ಕೂರುತ್ತೆ. ಒಂದೇ ಅಧ್ಯಯನದ ಎರಡು ವರದಿ ಅವು, ಒಂದೇ ಎಂಟ್ರಿಯ ಎರಡು ಪ್ರತಿ ಅಲ್ಲ. ಅವನ್ನ ಒಂದು ಗುಂಪು ಮಾಡೋದು ಫುಲ್ ಟೆಕ್ಸ್ಟ್ ನೋಡಿದ ಮೇಲಿನ ಕೆಲಸ, ಈ ಹಂತದಲ್ಲಲ್ಲ. ಇನ್ನೊಂದು, ಡೂಪ್ಲಿಕೇಟ್ ಹುಡುಕಾಟ ಇಡೀ ಲೈಬ್ರರಿ ಮೇಲೆ ನಡೆಯುತ್ತೆ, ಒಂದು ಕಲೆಕ್ಷನ್‌ಗೆ ಅಂತ ಮಿತಿ ಹಾಕೋಕೆ ಆಗಲ್ಲ, ಹಾಗಾಗಿ ನಿಮ್ಮ ಥೀಸಿಸ್‌ನ ಹಳೇ ಪೇಪರ್‌ಗಳೂ ಬೆರೆತುಹೋಗ್ತವೆ. ರಿವ್ಯೂಗೇ ಅಂತ ಪ್ರತ್ಯೇಕ ಗ್ರೂಪ್ ಲೈಬ್ರರಿ ಮಾಡ್ಕೊಂಡ್ರೆ ಇದೊಂದು ಬಗೆಹರಿಯುತ್ತೆ.

ಎಂಡ್‌ನೋಟ್: ಕಾಲೇಜು ಲೈಸೆನ್ಸ್ ಕೊಟ್ಟಿದ್ರೆ ಖಂಡಿತ ಬಳಸಿ. ಯಾವ ಫೀಲ್ಡ್‌ಗಳನ್ನ ಹೋಲಿಸ್ಬೇಕು ಅಂತ ನಾವೇ ಆರಿಸ್ಬಹುದು, ಒಂದು ಸಲ ಲೇಖಕ, ವರ್ಷ, ಶೀರ್ಷಿಕೆ, ಇನ್ನೊಂದು ಸಲ ಶೀರ್ಷಿಕೆ ಮತ್ತು ಪುಟ, ಹೀಗೆ ಸುತ್ತು ಸುತ್ತಾಗಿ ಜರಡಿ ಹಿಡಿಯೋದು. ಬ್ರಾಮರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ವಿಧಾನ ಇದೇ ಥರದ್ದು, ಆ ಪುಟ ಸಂಖ್ಯೆ ಗಲಾಟೆಗೂ ಅದರಲ್ಲಿ ಉತ್ತರ ಇದೆ. ನನ್ನ ಜೇಬಿಗೆ ಆಗಲ್ಲ, ಅಷ್ಟೇ.

ರಯ್ಯಾನ್ ಸ್ಕ್ರೀನಿಂಗ್‌ಗೆ, ಅಂದ್ರೆ ಯಾವ ಪೇಪರ್ ಇಟ್ಕೊಳ್ಳೋದು ಯಾವುದು ಬಿಡೋದು ಅಂತ ಆರಿಸೋಕೆ, ಚೆನ್ನ. ಡೂಪ್ಲಿಕೇಟ್ ಹುಡುಕಿನೂ ಕೊಡುತ್ತೆ, ಆದ್ರೆ ಒಂದೊಂದೇ ತೀರ್ಮಾನ ಮಾಡ್ತಾ ಕೂರೋದು ನನಗೆ ಬೇಡ, ಅದೇ ಥರದ ಇನ್ನೊಂದು ಟೂಲ್ ಕೋವಿಡೆನ್ಸ್ ದುಡ್ಡಿನ ಮಾತು, ಬಿಡಿ.

ASySD ಬಗ್ಗೆ. ಎಡಿನ್‌ಬರೋದ ಸಂಶೋಧಕರು ಮಾಡಿದ್ದು, R ಪ್ಯಾಕೇಜ್ ಆಗಿಯೂ ಸಿಗುತ್ತೆ, ಕೋಡ್ ಬರದ ನನ್ನಂಥೋರಿಗೆ ವೆಬ್ ಆ್ಯಪ್ ಇದೆ. ನಾನು ಮಾಡೋದು ಹೀಗೆ: ನಾಲ್ಕೂ ಫೈಲ್‌ಗಳನ್ನ ಝೊಟೆರೊದ ಗ್ರೂಪ್ ಲೈಬ್ರರಿಗೆ ಹಾಕಿ, ಒಂದೊಂದರಲ್ಲೂ ಎಷ್ಟು ಎಂಟ್ರಿ ಬಂತು ಅಂತ ಬರೆದಿಟ್ಕೊಂಡು (ಡೇಟಾಬೇಸ್‌ನಲ್ಲಿ ತೋರಿಸಿದ ಸಂಖ್ಯೆಗೂ ಇದಕ್ಕೂ ತಾಳೆ ಆಗದಿದ್ರೆ ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತಿದೆ ಅಂತ ಅರ್ಥ), ಏನೂ ಮರ್ಜ್ ಮಾಡದೆ ಒಂದೇ `.ris` ಮಾಡಿ ಅಪ್‌ಲೋಡ್. ಅದು ಶೀರ್ಷಿಕೆ, ಲೇಖಕ, ಅಬ್‌ಸ್ಟ್ರ್ಯಾಕ್ಟ್, ಜರ್ನಲ್, ಸಂಪುಟ, ಪುಟ, ಡಿಒಐ ಎಲ್ಲವೂ ಎಷ್ಟು ಹತ್ತಿರ ಇವೆ ಅಂತ ಅಳೆಯುತ್ತೆ, ಅಕ್ಷರಕ್ಕಕ್ಷರ ಹೊಂದ್ಬೇಕು ಅಂತ ಹಟ ಹಿಡಿಯಲ್ಲ. ಖಚಿತ ಇರೋದನ್ನ ತಾನೇ ಒಂದಾಗಿಸುತ್ತೆ, ಉಳಿದ ಅನುಮಾನದ ಜೋಡಿಗಳು ಪಟ್ಟಿಯಾಗಿ ನಮ್ಮ ಮುಂದೆ.

ಆ ಪಟ್ಟಿ ಓದೋವಾಗ ನಮ್ಮ ವಿಷಯದಲ್ಲೇ ಒಂದು ಒಳ್ಳೇ ಉದಾಹರಣೆ ಇದೆ. ಕರ್ನಾಟಕ, ರಾಜಸ್ಥಾನದಲ್ಲಿ ನಡೆದ ರ‍್ಯಾಪಿಡ್‌ಐರನ್ ಟ್ರಯಲ್. ಅದರ ಪ್ರೊಟೊಕಾಲ್ 2021ರಲ್ಲಿ `Trials` ಜರ್ನಲ್‌ನಲ್ಲಿ ಬಂತು, ಆ ತಾಯಂದಿರ ಮಕ್ಕಳನ್ನ ನೋಡೋ ರ‍್ಯಾಪಿಡ್‌ಐರನ್-ಕಿಡ್ಸ್ ಅಧ್ಯಯನದ ಪ್ರೊಟೊಕಾಲೂ ಅದೇ ಜರ್ನಲ್‌ನಲ್ಲೇ. ಹೆಸರು ಹತ್ತಿರ, ಲೇಖಕರಲ್ಲಿ ಬಹಳ ಜನ ಅವರೇ, ಆದ್ರೆ ಎರಡೂ ಬೇರೆ, ಎರಡೂ ಉಳೀಬೇಕು. ಇಂಥ ಜಾಗದಲ್ಲಿ ನಾನು ಮೊದಲು ನೋಡೋದು ಸಂಪುಟ ಮತ್ತು ಪುಟ ಅಥವಾ ಲೇಖನ ಸಂಖ್ಯೆ, ಆಮೇಲೆ ಅಬ್‌ಸ್ಟ್ರ್ಯಾಕ್ಟ್‌ನ ಮೊದಲ ಎರಡು ಸಾಲು. ಆಗಲೂ ಗೊತ್ತಾಗದಿದ್ರೆ ಎರಡನ್ನೂ ಬಿಟ್ಬಿಡ್ತೀನಿ. ಉಳಿದುಹೋದ ಡೂಪ್ಲಿಕೇಟ್ ಸ್ಕ್ರೀನಿಂಗಲ್ಲಿ ಸಿಕ್ಕೇ ಸಿಗುತ್ತೆ, ತಪ್ಪಾಗಿ ಅಳಿಸಿದ ಟ್ರಯಲ್ ಮತ್ತೆ ಯಾರ ಕಣ್ಣಿಗೂ ಬೀಳಲ್ಲ.

ASySDಗೂ ಮಿತಿ ಇದೆ. ರಿಜಿಸ್ಟ್ರಿ ಎಂಟ್ರಿಗಳಿಗೆ ಪುಟ, ಸಂಪುಟ ಏನೂ ಇರಲ್ಲ, ಹೋಲಿಸೋಕೆ ಏನೂ ಇಲ್ಲದೆ ಅವು ಹಾಗೇ ಉಳ್ಕೊಳ್ತವೆ. ಅದಕ್ಕೆ ಕೊನೆಗೆ ಸಿಕ್ಕ ಫೈಲನ್ನ ಶೀರ್ಷಿಕೆ ಪ್ರಕಾರ ಜೋಡಿಸಿ ಒಂದ್ಸಲ ಮೇಲಿಂದ ಕೆಳಗೆ ಕಣ್ಣಾಡಿಸ್ತೀನಿ, ಅಕ್ಕಪಕ್ಕ ಕೂತಿರೋ ಅವಳಿಗಳು ಅಲ್ಲೇ ಸಿಕ್ತವೆ. ಆಮೇಲೆ ಫೈಲ್ ರಯ್ಯಾನ್‌ಗೆ. ಸ್ಕ್ರೀನಿಂಗ್ ಮಧ್ಯೆ ಇನ್ನೊಂದೆರಡು ಸಿಕ್ಕಿದ್ರೆ ಎಕ್ಸ್‌ಕ್ಲೂಡ್ ಪಟ್ಟಿಗೆ ತಳ್ಳಲ್ಲ, ಎಷ್ಟು ಎಂಟ್ರಿ ಬಂತು, ಎಷ್ಟು ಉಳೀತು ಅಂತ ತೋರಿಸೋ ಪ್ರಿಸ್ಮಾ ಚಿತ್ರದಲ್ಲಿ ಸ್ಕ್ರೀನಿಂಗ್‌ಗೆ ಮುಂಚೆ ತೆಗೆದ ಡೂಪ್ಲಿಕೇಟ್ ಲೆಕ್ಕಕ್ಕೆ ಸೇರಿಸಿ, ಸ್ಕ್ರೀನ್ ಮಾಡಿದ ಸಂಖ್ಯೆಯಿಂದ ಅಷ್ಟೇ ಕಳೀತೀನಿ.