ತಿಳಿ ಲೋಟ ಸಿಮೆಂಟಿನ ಲೋಟವಾದದ್ದು ಹೇಗೆ: ಹಿನ್ನೆಲೆ ತೆಗೆಯುವ ಮುಂಚೆ ಓದಿಕೊಳ್ಳಿ

ಬಣ್ಣವಿಲ್ಲದ ತಿಳಿ ಪ್ಲಾಸ್ಟಿಕ್ ಲೋಟದ ಒಂದು ಫೋಟೋ. ತಿಳಿ ಬೂದು ಹಾಳೆಯ ಮುಂದಿಟ್ಟು ತೆಗೆದದ್ದು. ಬೆಳಕು, ಫೋಕಸ್ ಎರಡೂ ಚೆನ್ನಾಗಿದ್ದವು. ಅದನ್ನು ಕತ್ತರಿಸಿ ಕಡುನೀಲಿ ಬ್ಯಾನರಿನ ಮೇಲೆ ಕೂರಿಸಬೇಕಿತ್ತು. ಫೋಟೋಶಾಪ್‌ನಲ್ಲಿ ಒಂದೇ ಒತ್ತಿಗೆ ಹಿನ್ನೆಲೆ ತೆಗೆಯುವ ಗುಂಡಿ ಒತ್ತಿದ್ದಾಯಿತು. ಅಂಚು ಕೂದಲೆಳೆಯಷ್ಟೂ ತಪ್ಪದೆ ಬಂತು, ಖಾಲಿ ಜಾಗವನ್ನು ತೋರಿಸುವ ಬೂದು-ಬಿಳಿ ಚೌಕಳಿಯ ಮೇಲೆ ಎಲ್ಲವೂ ಸರಿಯಾಗೇ ಕಂಡಿತು. ಬ್ಯಾನರಿನ ಮೇಲೆ ಇಟ್ಟಾಗ ಮಾತ್ರ ಲೋಟ ಸಿಮೆಂಟಿನಲ್ಲಿ ಎರಕ ಹೊಯ್ದಂತಿತ್ತು. ಒಳಗಡೆ ಎಲ್ಲಿಯೂ ನೀಲಿ ಕಾಣುತ್ತಿಲ್ಲ, ತುಂಬ ಬೂದು.

ಇಲ್ಲಿ ಗುಂಡಿಯನ್ನು ಬೈದು ಫಲವಿಲ್ಲ. ಅದು ಲೋಟದ ಹೊರಗಿನ ಹಿನ್ನೆಲೆಯನ್ನು ತೆಗೆಯಿತು, ಒಳಗಿನದನ್ನು ಬಿಟ್ಟಿತು. ತಿಳಿ ವಸ್ತುವಿನ ಫೋಟೋದಲ್ಲಿ ವಸ್ತುವಿಗಿಂತ ಅದರ ಹಿಂದಿದ್ದ ಹಾಳೆಯೇ ಹೆಚ್ಚು ಇರುತ್ತದೆ. ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ಆ ಚಿತ್ರದ ಹಾಳೆಯ ಬೆಲೆ 190 ಇತ್ತು; ಲೋಟದ ನಡುಭಾಗ 180. ಅಂದರೆ ಆ ಜಾಗದಲ್ಲಿ ಪ್ಲಾಸ್ಟಿಕ್ ಮಾಡಿದ್ದ ಕೆಲಸ ಹತ್ತು ಅಂಕದಷ್ಟು ಕತ್ತಲೆ ಮಾತ್ರ, ಉಳಿದ 180 ಹಾಳೆಯದೇ. ಕತ್ತರಿ ಹಾಕುವಾಗ ಆ 180 ಪೂರ್ತಿ ಲೋಟದ ಖಾತೆಗೆ ಬಂದು ಗಟ್ಟಿ ಬಣ್ಣವಾಯಿತು. ಚೌಕಳಿಯ ಮೇಲೆ ಇದು ಕಾಣದಿರಲು ಕಾರಣವೂ ಅದೇ: ಚೌಕಳಿಯೂ ಬೂದು, ಲೋಟದೊಳಗಿನ ಹಾಳೆಯೂ ಬೂದು. ಹೀಗಾಗಿ ಚೌಕಳಿಯ ಮೇಲೆ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಕಟ್‌ಔಟ್‌ನ ಕೆಳಗೆ ಕಪ್ಪು, ಬಿಳಿ, ಕಡುಕೆಂಪು ಮೂರು ಪದರ ಇಟ್ಟು ಒಂದೊಂದನ್ನೇ ತೋರಿಸಿ ನೋಡಿ. ಕೆಂಪಿನ ಮೇಲೆ ಲೋಟದ ಹೊಟ್ಟೆ ಕೆಂಪಾಗದಿದ್ದರೆ ಕೆಲಸ ಇನ್ನೂ ಶುರುವೇ ಆಗಿಲ್ಲ.

ಆ ಬ್ಯಾನರ್ ಕೆಲಸದಲ್ಲಿ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಲೋಟ ಗಟ್ಟಿಯಾಗಿ ಕಂಡಿತಲ್ಲ, ಸರಿ, Opacity ಯನ್ನು 50%ಗೆ ಇಳಿಸಿದರೆ ತಿಳಿಯಾಗುತ್ತದೆ ಎಂಬ ಲೆಕ್ಕ. ಬ್ಯಾನರಿನ ಬಣ್ಣದಲ್ಲಿ ಕೆಂಪು 20, ಹಸಿರು 40, ನೀಲಿ 90. ಅರ್ಧ ಲೋಟ, ಅರ್ಧ ನೀಲಿ ಬೆರೆತು ನಡುಭಾಗ 100, 110, 135 ಆಯಿತು, ಅದು ಮಂಜು ಮುಸುಕಿದ ಬಣ್ಣ. ಅದಕ್ಕಿಂತ ಹೆಚ್ಚಿನ ನಷ್ಟ ಬಾಯಿಯಂಚಿನದು. 250 ಇದ್ದ ಹೊಳಪಿನ ಗೆರೆ 135, 145, 170ಕ್ಕೆ ಕುಸಿದು ಮಸುಕಾಯಿತು. ತಿಳಿ ವಸ್ತುವನ್ನು ಕಣ್ಣು ಗುರುತಿಸುವುದೇ ಎರಡು ಸುಳಿವಿನಿಂದ, ಗಟ್ಟಿ ಹೊಳಪು ಮತ್ತು ಕಪ್ಪಾದ ಅಂಚು. ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು ಲೋಟದ ದೆವ್ವ.

ಹಾಗಾದರೆ ಸರಿಯಾದ ದಾರಿ ಯಾವುದು? ಬಣ್ಣವಿಲ್ಲದ ಪ್ಲಾಸ್ಟಿಕ್ಕಾಗಲಿ ನೀರಾಗಲಿ ಹಿನ್ನೆಲೆಗೆ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ಕೆಲವು ಕಡೆ ಕತ್ತಲು ಮಾಡುತ್ತದೆ, ಕೆಲವು ಕಡೆ ಮೇಲೆ ಬೆಳಕು ಸೇರಿಸುತ್ತದೆ. ಲೋಟವನ್ನು ಕತ್ತರಿಸುವ ಯೋಚನೆ ಬಿಟ್ಟು ಈ ಎರಡನ್ನು ಬೇರೆ ಬೇರೆ ತೆಗೆದಿಟ್ಟುಕೊಳ್ಳಬೇಕು. ಒಂದು ಕಪ್ಪು ಪೊರೆ, ಒಂದು ಬಿಳಿ ಪೊರೆ, ಅಷ್ಟೇ.

ಫೋಟೋಶಾಪ್‌ನಲ್ಲಿ ಮೊದಲು ಫೋಟೋದ ಎರಡು ಪ್ರತಿ ಮಾಡಿ, ಎರಡನ್ನೂ Ctrl+Shift+U ಒತ್ತಿ ಬಣ್ಣ ಕಳೆಯಿರಿ. Info ಫಲಕದಲ್ಲಿ ಲೋಟದ ಪಕ್ಕದ ಖಾಲಿ ಹಾಳೆಯ ಬೆಲೆ ಓದಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ 190. ಮೊದಲ ಪ್ರತಿಯ ಮೇಲೆ Ctrl+L ಒತ್ತಿ Levels ತೆರೆದು, ಬಲತುದಿಯ ಬಿಳಿ ಗುರುತನ್ನು 190ಕ್ಕೆ ತನ್ನಿ. ಹಾಳೆ ಪೂರ್ತಿ ಬಿಳಿಯಾಗಿ, ಲೋಟ ಕತ್ತಲು ಮಾಡಿದ ಜಾಗಗಳು ಮಾತ್ರ ಉಳಿಯುತ್ತವೆ. ಎರಡನೆಯ ಪ್ರತಿಯಲ್ಲಿ ಎಡತುದಿಯ ಕಪ್ಪು ಗುರುತನ್ನು 190ಕ್ಕೆ ತನ್ನಿ. ಹಾಳೆ ಪೂರ್ತಿ ಕಪ್ಪಾಗಿ, ಹೊಳಪು ಮಾತ್ರ ಉಳಿಯುತ್ತದೆ.

ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಮೊದಲನೆಯದಕ್ಕೆ Multiply, ಎರಡನೆಯದಕ್ಕೆ Screen ಕೊಟ್ಟು ಬಿಡುತ್ತಾರೆ. ಅದೇ ಕಡತದೊಳಗೆ ಇರುವವರೆಗೆ ಇದು ಸರಿ. ಪಿಎನ್‌ಜಿ ಮಾಡಿ ಬೇರೆಯವರಿಗೆ ಕಳಿಸಿದ ಕೂಡಲೇ ಕೆಡುತ್ತದೆ, ಏಕೆಂದರೆ ಪಿಎನ್‌ಜಿಯಲ್ಲಿ Multiply, Screen ಎಂಬ ಗುಣ ಉಳಿಯುವುದಿಲ್ಲ. ಬಣ್ಣ ಮತ್ತು ಪಾರದರ್ಶಕತೆಯ ಪ್ರಮಾಣ, ಇವೆರಡೇ ಉಳಿಯುವುದು. ಆದ್ದರಿಂದ ಇನ್ನೊಂದು ಹೆಜ್ಜೆ ಬೇಕು. Screen ಲೆಕ್ಕವನ್ನು ಬಿಡಿಸಿ ನೋಡಿದರೆ ಅದು ಬಿಳಿ ಬಣ್ಣವನ್ನು ಆ ಬೂದಿನಷ್ಟೇ ಪ್ರಮಾಣದಲ್ಲಿ ಬಳಿದಂತೆ. Multiply ಎಂದರೆ ಕಪ್ಪನ್ನು ಅದರ ತಿರುವಿನಷ್ಟು, ಅಂದರೆ ಆ ಬೂದು ಬಿಳಿಗಿಂತ ಎಷ್ಟು ಕಡಿಮೆಯೋ ಅಷ್ಟು, ಬಳಿದಂತೆ. ಬಣ್ಣ ಕಳೆದ ಚಿತ್ರದ ಮಟ್ಟಿಗೆ ಇದು ಅಂದಾಜಲ್ಲ, ಪಕ್ಕಾ ಸಮ.

ಹೀಗಾಗಿ Solid Color ಪದರ ಎರಡು ಮಾಡಿ: ಕೆಳಗೆ ಅಚ್ಚ ಕಪ್ಪು, ಮೇಲೆ ಅಚ್ಚ ಬಿಳಿ. ಎರಡನೆಯ ಪ್ರತಿಯನ್ನು ಪೂರ್ತಿ ಆಯ್ದು ಕಾಪಿ ಮಾಡಿ, ಬಿಳಿ ಪದರದ ಮಾಸ್ಕನ್ನು Alt ಹಿಡಿದು ಕ್ಲಿಕ್ಕಿಸಿ, Ctrl+V ಒತ್ತಿ. ಮೊದಲ ಪ್ರತಿಯನ್ನು ಅದೇ ರೀತಿ ಕಪ್ಪು ಪದರದ ಮಾಸ್ಕಿಗೆ ಅಂಟಿಸಿ, ಆಮೇಲೆ Ctrl+I ಒತ್ತಿ ತಿರುವಿ. ತಿರುವುವುದನ್ನು ಮರೆತರೆ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಮೂಲ ಫೋಟೋವನ್ನೂ ಎರಡು ಪ್ರತಿಗಳನ್ನೂ ಮರೆಮಾಡಿ, ಎರಡೂ ಪದರ Normal ನಲ್ಲೇ ಇರಲಿ.

ಈಗ ಅದೇ ನೀಲಿಯ ಮೇಲೆ ಲೆಕ್ಕ ಹಾಕಿ. ನಡುಭಾಗದ 180 ಎಂದರೆ ಹಾಳೆಯ ಸುಮಾರು 95%, ಕಪ್ಪು ಪೊರೆ 5% ಮಾತ್ರ. ನೀಲಿ 19, 38, 85 ಆಗಿ ಹಾಯ್ದು ಕಾಣುತ್ತದೆ. ಅಂಚಿನಲ್ಲಿ 95 ಇದ್ದ ಕಪ್ಪು ಗೆರೆ ಸರಿಯಾಗಿ ಅರ್ಧ, ಅಲ್ಲಿ ನೀಲಿ 10, 20, 45ಕ್ಕೆ ಇಳಿದು ಅಂಚು ಎದ್ದು ನಿಲ್ಲುತ್ತದೆ. 250ರ ಹೊಳಪು 190ರಿಂದ 255ರವರೆಗಿನ 65ರಲ್ಲಿ 60 ಭಾಗ, ಎಂದರೆ 92% ಬಿಳಿ. ನೀಲಿಯ ಮೇಲೂ 237, 238, 242 ಆಗಿ ಮಿಂಚುತ್ತದೆ. ಮೊದಲಿನ ದೆವ್ವದ ಲೋಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಇದು ಕೆಡುವುದು ಎಲ್ಲಿ ಎಂದರೆ, ಹಾಳೆ ಒಂದೇ ಸಮನಾಗಿ ಬೆಳಗಿಲ್ಲದಾಗ. ಮೇಲ್ಗಡೆ 205, ಕೆಳಗಡೆ 175 ಇರುವ ಹಾಳೆಗೆ 190 ಕೊಟ್ಟರೆ ಮೇಲೆ 23% ಬಿಳಿ ಮಬ್ಬು, ಕೆಳಗೆ 8% ಕಪ್ಪು ಕೊಳೆ ಉಳಿಯುತ್ತದೆ. ಲೋಟದ ಹೊರಗಿನದನ್ನು Pen ಉಪಕರಣದ ಮಾಸ್ಕಿನಿಂದ ತೆಗೆದುಬಿಡಬಹುದು, ಒಳಗಿನದು ಹೋಗುವುದಿಲ್ಲ. ಫೋಟೋ ತೆಗೆಯುವವರಿಗೆ ಮೊದಲೇ ಹೇಳಿಡಿ: ಲೋಟ ಎತ್ತಿ, ಕ್ಯಾಮೆರಾ ಮತ್ತು ಬೆಳಕು ಅಲ್ಲಾಡಿಸದೆ ಖಾಲಿ ಹಾಳೆಯದೂ ಒಂದು ಫೋಟೋ ತೆಗೆಯಲಿ. ಆ ಖಾಲಿ ಫೋಟೋವನ್ನು ಮೇಲಿಟ್ಟು Divide ಕೊಟ್ಟರೆ ಹಾಳೆ ಎಲ್ಲ ಕಡೆ ಬಿಳಿಯಾಗಿ ಕಪ್ಪು ಪೊರೆಗೆ ಬೇಕಾದ ಚಿತ್ರ ಸಿಗುತ್ತದೆ. Subtract ಕೊಟ್ಟರೆ ಹೊಳಪಷ್ಟೇ ಸಿಗುತ್ತದೆ. ಅದು ಮಂಕಾಗಿರುತ್ತದೆ, ಒಗ್ಗೂಡಿಸಿದ ಪ್ರತಿಯ ಮೇಲೆ Levels ನ ಬಿಳಿ ಗುರುತನ್ನು 65ರ ಹತ್ತಿರ ತಂದು ಎತ್ತಿ. ಹಾಳೆ ಸಮನಾಗಿದ್ದರೂ ಕ್ಯಾಮೆರಾದಿಂದ ಬರುವ ಕಾಳುಕಾಳು ಚುಕ್ಕೆ ಇದ್ದೇ ಇರುತ್ತದೆ. ಬೆಲೆ 186ರಿಂದ 194ರವರೆಗೆ ಕುಣಿಯುತ್ತಿದ್ದರೆ ಬಿಳಿ ಗುರುತು 185ಕ್ಕೆ, ಕಪ್ಪು ಗುರುತು 196ಕ್ಕೆ ಇಡಿ; ಇಲ್ಲದಿದ್ದರೆ ಲೋಟದ ಸುತ್ತ ಮರಳು ಎರಚಿದಂತಿರುತ್ತದೆ. ಇನ್ನು ಅಚ್ಚ ಬಿಳಿ ಹಾಳೆಯ ಮುಂದೆ ತೆಗೆದ ಫೋಟೋದಲ್ಲಿ ಹಾಳೆಯೇ 255 ಆಗಿರುವುದರಿಂದ ಅದಕ್ಕಿಂತ ಮೇಲಿನ ಹೊಳಪು ದಾಖಲಾಗಿಯೇ ಇರುವುದಿಲ್ಲ. ಅಂಥ ಚಿತ್ರದಿಂದ ಬಿಳಿ ಪೊರೆ ಹುಟ್ಟದು, ಹೊಳಪನ್ನು ಕೈಯಲ್ಲೇ ಬಳಿಯಬೇಕು.

ಲೋಟದ ಮೇಲೆ ಅಚ್ಚು, ಲೇಬಲ್ಲು, ಬಣ್ಣದ ಮುಚ್ಚಳ ಇದ್ದರೆ ಅವು ಗಟ್ಟಿ ವಸ್ತುಗಳು. ಅವನ್ನು Pen ನಿಂದ ಕತ್ತರಿಸಿ ಮೂಲ ಬಣ್ಣದಲ್ಲೇ ಮೂರನೆಯ ಪದರವಾಗಿ, ಎರಡೂ ಪೊರೆಗಳ ಮೇಲೆ ಇಡಿ. ಪ್ಲಾಸ್ಟಿಕ್ಕೇ ಬಣ್ಣದ್ದಾದರೆ ಅಥವಾ ಒಳಗೆ ಬಣ್ಣದ ಪಾನೀಯ ಇದ್ದರೆ ಕಪ್ಪು ಪೊರೆ ಸಾಲದು. ಬಣ್ಣ ಕಳೆಯದ ಪ್ರತಿಗೇ ಅದೇ Levels ಕೊಟ್ಟು Multiply ನಲ್ಲಿ ಇಟ್ಟು, ಪಿಎನ್‌ಜಿ ಬದಲು ಪದರಗಳಿರುವ ಕಡತವನ್ನೇ ಕಳಿಸಿ.

ನೀರಿನ ಚಿಮ್ಮುವಿಕೆಗೆ ಬಂದರೆ, ಅದರ ಫೋಟೋಗಳು ಬಹಳಷ್ಟು ಕಪ್ಪು ಹಿನ್ನೆಲೆಯವು. ಅಲ್ಲಿ ಬಿಳಿ ಪೊರೆ ಒಂದೇ ಸಾಕು: ಚಿತ್ರವನ್ನೇ ಬಿಳಿ ಪದರದ ಮಾಸ್ಕಾಗಿ ಅಂಟಿಸಿ, ಕಪ್ಪು ಗುರುತನ್ನು ಹಿನ್ನೆಲೆಯ ಬೆಲೆಗಿಂತ ತುಸು ಮೇಲೆ, 12 ಇದ್ದರೆ 16ಕ್ಕೆ, ಇಡಿ. ಜಾಸ್ತಿ ಎಳೆದರೆ ತೆಳುವಾದ ನೀರಿನ ಹಾಳೆ ಮಾಯವಾಗಿ ಹನಿಗಳು ತುಂಡುತುಂಡಾಗಿ ತೇಲುತ್ತವೆ. ಆದರೆ ಈ ಚಿತ್ರವನ್ನು ಬಿಳಿ ಪುಟದ ಮೇಲೆ ಇಡಲು ಹೋಗಬೇಡಿ. ಬಿಳಿಯ ಮೇಲೆ ಬಿಳಿ ಪೊರೆ, ಏನೂ ಕಾಣುವುದಿಲ್ಲ. ಚಿತ್ರ ಕಳೆದುಹೋಗಿದೆ ಎಂದುಕೊಂಡು ಮತ್ತೆ ಮತ್ತೆ ಕತ್ತರಿಸುವವರಿದ್ದಾರೆ. ಕಳೆದದ್ದಲ್ಲ, ಅದರಲ್ಲಿ ಕತ್ತಲಿನ ಅಂಶ ಮೊದಲಿಂದಲೂ ಇರಲಿಲ್ಲ. ತಿಳಿ ಪುಟಕ್ಕೆ ಬೇಕಿದ್ದರೆ ತಿಳಿ ಹಿನ್ನೆಲೆಯ ಮುಂದೆ ತೆಗೆದ ಚಿಮ್ಮುವಿಕೆಯನ್ನೇ ಹುಡುಕಿ, ಅದರಿಂದ ಕಪ್ಪು ಪೊರೆ ತೆಗೆಯಿರಿ. ಹಾಗೆ ಹುಡುಕುವಾಗ ಚೌಕಳಿ ಸಮೇತ ಸಿಗುವ ಜೆಪೆಗ್ ಚಿತ್ರಗಳಿಂದ ದೂರವಿರಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವ ಮಾತೇ ಇಲ್ಲ. ಆ ಚೌಕಳಿ ಚಿತ್ರದ ಮೇಲೇ ಬರೆದದ್ದು, ಹನಿಯೊಳಗೂ ಹೊಕ್ಕಿರುತ್ತದೆ.

ಎರಡು ಪೊರೆಗಳಿಂದ ಆಗದ ಕೆಲಸ ಒಂದಿದೆ. ನೀರು ತುಂಬಿದ ಲೋಟ ತನ್ನ ಹಿಂದಿನದನ್ನು ಬಾಗಿಸುತ್ತದೆ, ತುಸು ದೂರದ ವಸ್ತುಗಳನ್ನು ಎಡಬಲ ತಿರುಗಿಸಿಯೇ ತೋರಿಸುತ್ತದೆ. ಪೊರೆಗಳು ಹಿನ್ನೆಲೆಯನ್ನು ಇದ್ದಲ್ಲೇ ತೋರಿಸುತ್ತವೆ. ಒಂದೇ ಬಣ್ಣದ ಬ್ಯಾನರಿನಲ್ಲಿ ಇದು ಯಾರ ಕಣ್ಣಿಗೂ ಬೀಳದು. ಹಿಂದೆ ಪಟ್ಟೆ, ಅಕ್ಷರ, ಕಿಟಕಿ ಚೌಕಟ್ಟು ಇದ್ದರೆ ಮಾತ್ರ ಗೆರೆ ಲೋಟದೊಳಗೆ ನೆಟ್ಟಗೆ ಹಾಯ್ದು ನಕಲಿತನ ಬಯಲಾಗುತ್ತದೆ. ಆಗ ಹಿನ್ನೆಲೆಯ ಒಂದು ಪ್ರತಿಯನ್ನು ನೀರಿರುವ ಭಾಗದಷ್ಟಕ್ಕೆ ಕತ್ತರಿಸಿ, Flip Horizontal ಮಾಡಿ, ಅಡ್ಡಕ್ಕೆ ಸ್ವಲ್ಪ ಕುಗ್ಗಿಸಿ ಪೊರೆಗಳ ಕೆಳಗೆ ಇಡಿ. ನೀರಿನ ಮಟ್ಟಕ್ಕಿಂತ ಮೇಲಿನ ಖಾಲಿ ಪ್ಲಾಸ್ಟಿಕ್ ಭಾಗವನ್ನು ಮುಟ್ಟಬೇಡಿ, ತೆಳುವಾದ ಗೋಡೆ ಅಷ್ಟಾಗಿ ಏನನ್ನೂ ಬಾಗಿಸುವುದಿಲ್ಲ.