ಪ್ರಯಾಣದ ಅವಧಿ ಲೆಕ್ಕ ಹಾಕುವ ಆ್ಯಪ್: ಪುಣೆ–ಹುಬ್ಬಳ್ಳಿ ದಾರಿಯಲ್ಲಿ ಬಹುಕಾಲ ಬಳಸಿದ ಮೇಲೆ

ಅಂಕ: 5ಕ್ಕೆ 3.5. ಲೆಕ್ಕ ಸರಿಯಾಗೇ ಮಾಡುತ್ತೆ. ಆದರೆ ಟ್ರಾಫಿಕ್ ಖಾನೆಯನ್ನು ಅದು ಹೇಳಿದ ಹಾಗೆ ತುಂಬಿದರೆ ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟೋದು ಅನುಮಾನ.

ಆ್ಯಪ್‌ನಲ್ಲಿ ಇರೋದು ನಾಲ್ಕೇ ಖಾನೆ: ದೂರ, ಸರಾಸರಿ ವೇಗ, ಎಷ್ಟು ಗಂಟೆಗೊಮ್ಮೆ ಎಷ್ಟು ನಿಮಿಷ ವಿರಾಮ, ಟ್ರಾಫಿಕ್‌ಗೆ ಶೇಕಡಾ ಎಷ್ಟು ಸೇರಿಸಬೇಕು. ಕೆಳಗೆ ‘ಭಾಗ ಸೇರಿಸಿ’ ಅನ್ನೋ ಸಣ್ಣ ಗುಂಡಿ ಇದೆ, ಬಹಳ ಮಂದಿ ಅದನ್ನ ಒತ್ತೋದೇ ಇಲ್ಲ. ಈ ಆ್ಯಪ್‌ನ ನಿಜವಾದ ಬೆಲೆ ಇರೋದು ಆ ಗುಂಡಿಯಲ್ಲೇ.

ಕೋಥ್ರೂಡ್‌ನಿಂದ ಹುಬ್ಬಳ್ಳಿಗೆ ಸುಮಾರು 440 ಕಿಮೀ ಅಂತ ಇಟ್ಟುಕೊಳ್ಳೋಣ. ಒಂದೇ ಸಾಲಿನಲ್ಲಿ ವೇಗ 70, ಟ್ರಾಫಿಕ್ ಶೇ 15, ಎರಡು ಗಂಟೆಗೊಮ್ಮೆ 15 ನಿಮಿಷ ವಿರಾಮ ಹಾಕಿದರೆ ಓಡಿಸೋದು 6 ಗಂಟೆ 17 ನಿಮಿಷ, ಟ್ರಾಫಿಕ್ 57 ನಿಮಿಷ, ಮೂರು ವಿರಾಮಕ್ಕೆ 45, ಒಟ್ಟು 7 ಗಂಟೆ 59 ನಿಮಿಷ. ಬೆಳಗ್ಗೆ 6ಕ್ಕೆ ಹೊರಟರೆ 2ಕ್ಕೆ ಮನೆ. ಕೇಳೋಕೆ ಚೆನ್ನಾಗಿದೆ, ಆದರೆ ಇದರಲ್ಲಿ ಎರಡು ತಪ್ಪಿದೆ.

ಮೊದಲನೆಯದು ಆ ಶೇಕಡಾ. ಟ್ರಾಫಿಕ್ ಇಡೀ ದಾರಿಗೆ ಸಮನಾಗಿ ಹರಡಿರೋದಿಲ್ಲ. ನವಲೆ ಬ್ರಿಜ್, ಖೇಡ್ ಶಿವಾಪುರ ಟೋಲ್, ಲಾರಿಗಳು ತೆವಳೋ ಖಂಬಾಟ್ಕಿ ಏರು, ಸಾತಾರಾದಿಂದ ಕಾಗಲ್‌ವರೆಗೆ ಆರು ಪಥದ ಕಾಮಗಾರಿಗಾಗಿ ಸರ್ವಿಸ್ ರಸ್ತೆಗೆ ಇಳಿಸೋ ಜಾಗಗಳು, ಇವಿಷ್ಟರಲ್ಲೇ ಸಮಯ ಹೋಗೋದು. ಅಲ್ಲಿ ಎಷ್ಟು ಹೊತ್ತು ಸಿಕ್ಕಿಕೊಳ್ತೀರಿ ಅನ್ನೋದು ಎಷ್ಟು ಗಂಟೆಗೆ ಅಲ್ಲಿ ಇರ್ತೀರಿ ಅನ್ನೋದರ ಮೇಲಿದೆ. ಹುಬ್ಬಳ್ಳಿ ಇನ್ನೂ ಎಷ್ಟು ದೂರ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು ಸರಾಸರಿ ವೇಗ. 100 ಕಿಮೀ ದಾರಿ 40ರ ವೇಗದಲ್ಲಿ, ಇನ್ನು 100 ಕಿಮೀ 80ರಲ್ಲಿ ಹೋದರೆ ಸರಾಸರಿ 60 ಅಲ್ಲ. ಎರಡೂವರೆ ಗಂಟೆಗೆ ಒಂದೂಕಾಲು ಗಂಟೆ ಸೇರಿ ಮೂರೂಮುಕ್ಕಾಲು ಗಂಟೆ, ಅಂದರೆ 53 ಚಿಲ್ಲರೆ. ನಿಧಾನದ ತುಂಡು ಯಾವಾಗಲೂ ಹೆಚ್ಚು ಸಮಯ ತಿನ್ನುತ್ತೆ. ಹಾಗಾಗಿ ವೇಗಗಳ ಸರಾಸರಿ ತೆಗೆಯೋ ಗೋಜಿಗೇ ಹೋಗಬೇಡಿ, ತುಂಡು ತುಂಡಾಗಿ ಸಮಯ ತೆಗೆದು ಕೂಡಿಸಿ.

‘ಭಾಗ ಸೇರಿಸಿ’ ಒತ್ತಿ ಅದೇ ದಾರಿಯನ್ನ ಐದು ತುಂಡು ಮಾಡಿದರೆ ಹೀಗಾಗುತ್ತೆ. ಕೋಥ್ರೂಡ್‌ನಿಂದ ಖೇಡ್ ಶಿವಾಪುರ ಟೋಲ್ 25 ಕಿಮೀ, ಶನಿವಾರ ಬೆಳಗ್ಗೆ 30ರ ವೇಗ, 50 ನಿಮಿಷ. ಅಲ್ಲಿಂದ ಸಾತಾರಾ 85 ಕಿಮೀ, ಘಾಟ್ ಸೇರಿ 55ರ ವೇಗ, 93 ನಿಮಿಷ. ಸಾತಾರಾದಿಂದ ಕೊಲ್ಹಾಪುರ 125 ಕಿಮೀ, ಕಾಮಗಾರಿ ಇರುವಾಗ 55, ಅಂದರೆ 136 ನಿಮಿಷ. ಕೊಲ್ಹಾಪುರದಿಂದ ಬೆಳಗಾವಿ 110 ಕಿಮೀ, 75ರಂತೆ 88 ನಿಮಿಷ. ಬೆಳಗಾವಿಯಿಂದ ಹುಬ್ಬಳ್ಳಿ 95 ಕಿಮೀ, 75ರಂತೆ 76. ಕೂಡಿದರೆ 443 ನಿಮಿಷ, 7 ಗಂಟೆ 23. ಇಲ್ಲಿ ಟ್ರಾಫಿಕ್ ಖಾನೆಯನ್ನ ಸೊನ್ನೆ ಮಾಡಿ, ಯಾಕಂದ್ರೆ ಅದು ಆಗಲೇ ವೇಗದೊಳಗೆ ಬಂದಿದೆ. ಮರೆತು ಶೇ 15 ಹಾಗೇ ಬಿಟ್ಟರೆ ಒಂದೇ ಟ್ರಾಫಿಕ್ಕನ್ನ ಎರಡು ಸಲ ಎಣಿಸಿದ ಹಾಗೆ, ಒಂದು ಗಂಟೆ ಸುಮ್ಮನೆ ಹೆಚ್ಚಾಗುತ್ತೆ.

ಕಂಪ್ಯೂಟರಿನಲ್ಲಿ ಮಾಡೋರಿಗೆ ಆ್ಯಪ್ ಕೂಡ ಬೇಡ. A ಕಂಬದಲ್ಲಿ ಕಿಮೀ, B ಕಂಬದಲ್ಲಿ ವೇಗ ಹಾಕಿ ಇದನ್ನ ಬರೆದರೆ ನಿಮಿಷ ಬರುತ್ತೆ:

```
=SUMPRODUCT(A2:A6/B2:B6)*60
```

ಆ ವೇಗಗಳು ಎಲ್ಲಿಂದ ಬರಬೇಕು? ಅಂದಾಜಿನಿಂದಲ್ಲ, ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಿಂದ. ಪ್ರತಿ ಟೋಲ್‌ನ ಹೆಸರು, ದಾಟಿದ ಸಮಯ ಎರಡೂ ಅದರಲ್ಲಿರುತ್ತೆ. ಖೇಡ್ ಶಿವಾಪುರದಲ್ಲಿ 6:52, ಆಣೆವಾಡಿಯಲ್ಲಿ 8:08 ಅಂತಿದ್ದರೆ 76 ನಿಮಿಷ. ನಡುವೆ ಸುಮಾರು 70 ಕಿಮೀ, ಅಂದರೆ 55ರ ವೇಗ. ನಡುವೆ ಚಹಾಕ್ಕೆ ನಿಂತಿದ್ದರೆ ಆ ನಿಮಿಷ ಕಳೆಯಿರಿ. ಮೊಬೈಲಿಗೆ ಬರೋ ಮೆಸೇಜಿನ ಸಮಯ ಮಾತ್ರ ನಂಬಬೇಡಿ, ಅದು ಕೆಲವೊಮ್ಮೆ ತಡವಾಗಿ ಬರುತ್ತೆ. ಸ್ಟೇಟ್‌ಮೆಂಟಿನಲ್ಲಿ ವಹಿವಾಟಿನ ಸಮಯ ಅಂತ ಇರೋದನ್ನೇ ತಗೊಳ್ಳಿ. ಈ ವೇಗದಲ್ಲಿ ಟೋಲ್‌ನ ಸಾಲು, ಏರು, ಕಾಮಗಾರಿ ಎಲ್ಲ ಸೇರಿರುತ್ತೆ. ಕಾರಿನ ಸ್ಪೀಡೋಮೀಟರಿನಲ್ಲಿ ಕಂಡ 90 ಇಲ್ಲಿ ಯಾವ ಉಪಯೋಗಕ್ಕೂ ಇಲ್ಲ.

ವಿರಾಮದ ಖಾನೆಗೆ ಬರೋಣ. ‘15 ನಿಮಿಷ’ ಒಬ್ಬರೇ ಇದ್ದಾಗ ಸರಿ. ಮಕ್ಕಳು, ಹಿರಿಯರು ಇದ್ದರೆ ಪಾರ್ಕಿಂಗ್, ಶೌಚಾಲಯದ ಸಾಲು, ವಡಾಪಾವ್ ಬರೋವರೆಗೆ ಕಾಯೋದು ಎಲ್ಲ ಸೇರಿ 25. ಹೆದ್ದಾರಿ ಬಿಟ್ಟ ಗಳಿಗೆಯಿಂದ ಮತ್ತೆ ಹೆದ್ದಾರಿಯ ವೇಗ ಹಿಡಿಯೋವರೆಗೆ ಅಳೆಯಿರಿ. ಇಬ್ಬರ ಪ್ರಯಾಣಕ್ಕೆ ಎರಡು 15, ಊಟದ್ದೊಂದು 40 ಅಂತ ಹಿಡಿದರೂ 70 ನಿಮಿಷ. ಆಗ ಒಟ್ಟು 8 ಗಂಟೆ 33 ನಿಮಿಷ, 6ಕ್ಕೆ ಹೊರಟರೆ 2:33. ಮೊದಲ ಲೆಕ್ಕಕ್ಕಿಂತ 34 ನಿಮಿಷ ತಡ.

ಕೆಟ್ಟ ದಿನದ ಲೆಕ್ಕವನ್ನೂ ಹಾಕಿಡಿ, ಆದರೆ ಎಲ್ಲ ಭಾಗಕ್ಕೂ ಬೇಡ. ಹದ ತಪ್ಪೋದು ಎರಡೇ ಕಡೆ. ಪುಣೆಯಿಂದ ಹೊರಬೀಳೋದು 20ರ ವೇಗಕ್ಕಿಳಿದರೆ 25 ನಿಮಿಷ, ಸಾತಾರಾ–ಕೊಲ್ಹಾಪುರ 45ಕ್ಕಿಳಿದರೆ 30 ನಿಮಿಷ ಹೆಚ್ಚು. ಎರಡೂ ಒಂದೇ ದಿನ ಕೈಕೊಟ್ಟರೆ 3:28. ಊರಲ್ಲಿ ಕಾಯ್ತಿರೋ ಅವ್ವನಿಗೆ ‘ಎರಡೂವರೆಯಿಂದ ಮೂರೂವರೆ ಒಳಗೆ’ ಅಂತ ಹೇಳಿದರೆ ಸಾಕು, ಪ್ರತಿ ಟೋಲ್‌ನಲ್ಲೂ ಫೋನ್ ಬರೋದು ತಪ್ಪುತ್ತೆ.

ಇಲ್ಲೇ ಆ್ಯಪ್‌ನ ಒಂದು ಪೆದ್ದತನ ಕಾಣುತ್ತೆ. ಈ ಕೆಟ್ಟ ಲೆಕ್ಕದಲ್ಲಿ ಓಡಿಸೋದೇ 8 ಗಂಟೆ 18 ನಿಮಿಷ ಆಗುತ್ತಲ್ಲ, ಎರಡು ಗಂಟೆಗೊಮ್ಮೆ ಅಂತ ಹೇಳಿದ್ದಕ್ಕೆ ಎಂಟನೇ ಗಂಟೆಗೆ ನಾಲ್ಕನೇ ವಿರಾಮ ತಾನೇ ಸೇರಿಸುತ್ತೆ. ಮನೆಗೆ 18 ನಿಮಿಷ ಇರುವಾಗ ಯಾರು ನಿಲ್ಲಿಸ್ತಾರೆ? ವಿರಾಮಗಳ ಸಂಖ್ಯೆಯನ್ನ ಕೈಯಾರೆ ಮೂರಕ್ಕೆ ಇಳಿಸಬೇಕು.

ಬೇಗ ಮುಟ್ಟಬೇಕಂದ್ರೆ ಎಲ್ಲಿ ಉಳಿಸಬಹುದು ಅಂತ ನೋಡೋಕೆ ಮಾತ್ರ ಇದು ಒಳ್ಳೆ ಸಾಧನ. ಕೊಲ್ಹಾಪುರದಾಚೆಯ 205 ಕಿಮೀಯಲ್ಲಿ ವೇಗವನ್ನ 75ರಿಂದ 90ಕ್ಕೆ ಏರಿಸಿದರೆ ಉಳಿಯೋದು 27 ನಿಮಿಷ. ಒಂದು ಗಂಟೆ ಮೊದಲೇ ಹೊರಟು ಪುಣೆಯ 25 ಕಿಮೀ 50ರಲ್ಲಿ ದಾಟಿದರೆ ಉಳಿಯೋದು 20. ಎರಡನೆಯದಕ್ಕೆ ಆಕ್ಸಿಲರೇಟರ್ ತುಳಿಯೋ ಅಗತ್ಯವೇ ಇಲ್ಲ.

ವಾಪಸ್ ಬರೋ ಲೆಕ್ಕಕ್ಕೆ ‘ಹಿಮ್ಮುಖ ಪ್ರಯಾಣ’ ಗುಂಡಿ ಇದೆ, ಅದನ್ನ ಮುಟ್ಟಬೇಡಿ. ಹಳೇ ರಸ್ತೆಯಲ್ಲಿ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕು, ಬರುವಾಗ ಸುರಂಗ. ಆ ಭಾಗ ಬರುವಾಗ ಬೇಗ ಮುಗಿಯುತ್ತೆ. ಆದರೆ ಭಾನುವಾರ ಸಂಜೆ ಖೇಡ್ ಶಿವಾಪುರದಿಂದ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಜ್‌ಗೆ ಇಳಿಯೋವರೆಗೆ ಊರಿಗೆ ಊರೇ ಸಾಲಾಗಿ ನಿಂತಿರುತ್ತೆ, ಅದಕ್ಕೆ 20ರ ವೇಗ ಹಾಕಿ. ಆ ಇಳಿಜಾರಿನಲ್ಲಿ ಲಾರಿ ಅಪಘಾತ ಆಗಿದ್ದರೆ ಯಾವ ಲೆಕ್ಕವೂ ನಿಲ್ಲಲ್ಲ. ಸಾತಾರಾ ಮುಟ್ಟೋ ಮುಂಚೆ ಲೈವ್ ನಕ್ಷೆಯಲ್ಲಿ ಆ ತುಂಡಿನ ಬಣ್ಣ ಒಮ್ಮೆ ನೋಡಿ, ಗಾಢ ಕೆಂಪಿದ್ದರೆ ಊಟದ ವಿರಾಮವನ್ನ ಸಾತಾರಾ ಬಳಿಯೇ ಮುಗಿಸಿಕೊಳ್ಳಿ.